ಒಂದೇ ಬೇಕರಿ, ನಾಲ್ಕು ಬೆಲೆ: ಮಾರುವ ಮುನ್ನ ಹಾಕಿ ನೋಡಿದ ಲೆಕ್ಕಗಳು

ಅಂಗಡಿ ಒಂದೇ, ವರ್ಷದ ಲೆಕ್ಕಪುಸ್ತಕವೂ ಒಂದೇ. ಆದರೂ ಒಂದು ವಿಧಾನದಲ್ಲಿ ಅದರ ಬೆಲೆ 4.60 ಲಕ್ಷ ರೂಪಾಯಿ ಬಂದರೆ ಇನ್ನೊಂದರಲ್ಲಿ 18 ಲಕ್ಷ ಬಂತು. ಮೈಸೂರಿನ ಬಡಾವಣೆಯೊಂದರಲ್ಲಿರುವ ನನ್ನ ಸೋದರಮಾವನ ಬೇಕರಿಯ ಲೆಕ್ಕವಿದು. ಮೊಣಕಾಲು ನೋವಿನಿಂದ ನಸುಕಿನಲ್ಲಿ ಎದ್ದು ಓವನ್ ಮುಂದೆ ನಿಲ್ಲುವುದು ಆಗದೆ ಮಾವ ಅದನ್ನು ಮಾರಲು ನಿರ್ಧರಿಸಿದರು. ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವುದು ನನ್ನ ಕೆಲಸವಾದ್ದರಿಂದ ಬೆಲೆ ಕಟ್ಟುವ ಹೊಣೆ ನನಗೆ ಬಂತು. ಬಳಕೆಯಲ್ಲಿರುವ ವಿಧಾನಗಳನ್ನೆಲ್ಲ ಇದೇ ಅಂಗಡಿಯ ಮೇಲೆ ಹಾಕಿ ನೋಡಿದೆ.

ಮೊದಲನೆಯದು ಸಾಮಾನುಗಳ ಲೆಕ್ಕ. ಓವನ್, ಹಿಟ್ಟು ಕಲಸುವ ಮಿಕ್ಸರ್, ಬ್ರೆಡ್ ಕತ್ತರಿಸುವ ಯಂತ್ರ, ಗಾಜಿನ ಎರಡು ಫ್ರಿಜ್, ಟ್ರೇಗಳು, ಕೌಂಟರ್, ಯುಪಿಎಸ್ ಎಲ್ಲವನ್ನೂ ಪಟ್ಟಿ ಮಾಡಿದೆವು. ಕೊಂಡಾಗ ಕೊಟ್ಟ ಹಣ ಸುಮಾರು 14 ಲಕ್ಷ. ಆದರೆ ಹಳೆಯ ಯಂತ್ರ ಕೊಳ್ಳುವವರು ಬಂದು ನೋಡಿ ಹೇಳಿದ ದರಗಳನ್ನು ಕೂಡಿಸಿದರೆ 4.60 ಲಕ್ಷ ಮಾತ್ರ. ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಉಳಿದಿದ್ದ ಮೊತ್ತ ಇದಕ್ಕಿಂತಲೂ ಕಡಿಮೆ. ಆ ಮೊತ್ತ ತೆರಿಗೆಯ ನಿಯಮದಂತೆ ಇಳಿಯುತ್ತಾ ಬಂದದ್ದು, ಪೇಟೆಯ ಬೆಲೆಯನ್ನು ಹೇಳುವುದಿಲ್ಲ. ಹಾಗಾಗಿ ಅದನ್ನು ಬದಿಗಿಟ್ಟು ಪೇಟೆಯ ದರವನ್ನೇ ಹಿಡಿದೆ.

ಈ ಲೆಕ್ಕದಲ್ಲಿ ವಾದಕ್ಕೆ ಎಡೆ ಕಡಿಮೆ, ಎಲ್ಲವನ್ನೂ ಕಣ್ಣಿಂದ ನೋಡಬಹುದು. ಆದರೆ ಬೆಳಿಗ್ಗೆ ಆರಕ್ಕೆ ಬ್ರೆಡ್‌ಗೆ ಬರುವವರು, ಸಂಜೆ ಖಾರಾ ಬನ್ನಿಗೂ ದಿಲ್‌ಪಸಂದಿಗೂ ನಿಲ್ಲುವವರು ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ನಡೆಯುತ್ತಿರುವ ಅಂಗಡಿಗೂ ಬಾಗಿಲು ಹಾಕಿದ ಅಂಗಡಿಗೂ ಇದು ಒಂದೇ ಬೆಲೆ ಕೊಡುತ್ತದೆ. ಹಾಗಾಗಿ ಇದನ್ನು ತಳದ ಬೆಲೆಯಾಗಿ ಇಟ್ಟುಕೊಂಡೆ. ಇದಕ್ಕಿಂತ ಕಡಿಮೆಗೆ ಕೇಳಿದರೆ ಸಾಮಾನು ಬಿಡಿಬಿಡಿಯಾಗಿ ಮಾರಿ ಬಾಗಿಲು ಹಾಕುವುದೇ ಲೇಸು.

ಎರಡನೆಯದು ದಲ್ಲಾಳಿಯ ಲೆಕ್ಕ. ಅಂಗಡಿ ನೋಡಲು ಬಂದಾತ ತಿಂಗಳ ವ್ಯಾಪಾರ ಎಷ್ಟು ಎಂದು ಕೇಳಿದ. ಆರು ಲಕ್ಷ ಎಂದಾಗ, ಮೂರು ತಿಂಗಳ ವ್ಯಾಪಾರ ಹಿಡಿಯಿರಿ, ಹದಿನೆಂಟು ಎಂದುಬಿಟ್ಟ. ಮಾವನ ಮುಖ ಅರಳಿತು. ಲೆಕ್ಕ ಸುಲಭ, ಮೊತ್ತವೂ ದೊಡ್ಡದು. ಆದರೆ ಬಾಡಿಗೆಯಾಗಲಿ ಕೂಲಿಯಾಗಲಿ ಇದರೊಳಗೆ ಬರುವುದೇ ಇಲ್ಲ. ಪಕ್ಕದ ಬೀದಿಯಲ್ಲಿ ಇಷ್ಟೇ ವ್ಯಾಪಾರ ಮಾಡುವ ಬೇಕರಿಯೊಂದಿದೆ. ಅದರ ಬಾಡಿಗೆ ಇದರ ಎರಡರಷ್ಟು, ಅರ್ಧಕ್ಕರ್ಧ ಸರಕು ಹೊರಗಿನಿಂದ ತಂದದ್ದು. ಅಲ್ಲಿ ಉಳಿಯುವ ಲಾಭ ಬಹಳ ಕಡಿಮೆ, ಆದರೂ ಈ ಲೆಕ್ಕದಲ್ಲಿ ಅದರ ಬೆಲೆಯೂ ಹದಿನೆಂಟೇ. ವ್ಯಾಪಾರದ ಮೊತ್ತದಿಂದ ಬೆಲೆ ಹೇಳುವವರು ಒಂದೇ ಊರಿನ, ಒಂದೇ ಬಗೆಯ, ನಿಜವಾಗಿ ಮಾರಾಟವಾದ ನಾಲ್ಕಾರು ಅಂಗಡಿಗಳ ದರ ತೋರಿಸಿದರೆ ಕೇಳಬಹುದು. ಆತನ ಬಳಿ ಅಂಥದ್ದೇನೂ ಇರಲಿಲ್ಲ.

ಮೂರನೆಯದು ಕೊಳ್ಳುವವನ ಕೈಗೆ ನಿಜವಾಗಿ ಸಿಗುವ ಲಾಭವನ್ನು ಹಿಡಿದು ಹೋಗುವ ಲೆಕ್ಕ. ನನ್ನ ಒಲವು ಇದರ ಕಡೆಗೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ವರ್ಷದ ವ್ಯಾಪಾರ 72 ಲಕ್ಷ. ಕಚ್ಚಾ ಪದಾರ್ಥ ಮತ್ತು ಹೊರಗಿನ ಸರಕು, ಕೆಲಸದವರ ಸಂಬಳ, ಬಾಡಿಗೆ, ವಿದ್ಯುತ್ತು, ಇಂಧನ, ಪ್ಯಾಕಿಂಗ್, ರಿಪೇರಿ ಎಲ್ಲ ಕಳೆದು ಪುಸ್ತಕದಲ್ಲಿ ತೋರಿಸಿದ್ದ ಲಾಭ 9.90 ಲಕ್ಷ. ಹೀಗೆ ಕಳೆದದ್ದರಲ್ಲಿ ಮನೆಯ ಖರ್ಚೂ ಸೇರಿಕೊಂಡಿತ್ತು: ಮಾವನ ಸ್ಕೂಟರಿನ ಪೆಟ್ರೋಲು, ಮನೆಯವರ ವಿಮೆಯ ಕಂತು, ಮನೆಯ ಇಂಟರ್‌ನೆಟ್ ಬಿಲ್ಲು. ಕೊಳ್ಳುವವನಿಗೆ ಇವು ಬರುವುದಿಲ್ಲ. ಆ 90 ಸಾವಿರವನ್ನು ಮರಳಿ ಕೂಡಿಸಿದಾಗ 10.80 ಲಕ್ಷವಾಯಿತು.

ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಲಾಭದೊಳಗೆ ಯಾರೂ ಸಂಬಳ ಕೊಡದ ಇಬ್ಬರ ದುಡಿಮೆ ಇದೆ. ಮಾವ ನಸುಕಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿರುತ್ತಿದ್ದರು, ಅತ್ತೆ ಸಂಜೆ ಗಲ್ಲಾ ನೋಡಿಕೊಳ್ಳುತ್ತಿದ್ದರು. ಅವರ ಜಾಗಕ್ಕೆ ಜನ ಇಟ್ಟರೆ ತಿಂಗಳಿಗೆ 30 ಸಾವಿರ ಮತ್ತು 10 ಸಾವಿರ, ವರ್ಷಕ್ಕೆ 4.80 ಲಕ್ಷ. ಇದನ್ನು ಕಳೆಯಲೇಬೇಕು. ಕೊಳ್ಳುವವನು ತಾನೇ ನಿಂತು ದುಡಿದರೂ ಅದು ಅವನ ದುಡಿಮೆಯ ಫಲ, ಅದಕ್ಕಾಗಿ ಅವನು ಮಾವನಿಗೆ ಹಣ ಕೊಡಬೇಕಾಗಿಲ್ಲ. ಉಳಿದದ್ದು 6 ಲಕ್ಷ. ಓವನ್ ಮತ್ತು ಮಿಕ್ಸರ್ ಎಂದಾದರೊಂದು ದಿನ ಬದಲಾಗಬೇಕು, ಅದಕ್ಕೆಂದು ವರ್ಷಕ್ಕೆ 60 ಸಾವಿರ ತೆಗೆದಿಟ್ಟೆ.

ಕೊನೆಗೆ ಬಾಡಿಗೆ. ಮಾವ ಕೊಡುತ್ತಿದ್ದದ್ದು ತಿಂಗಳಿಗೆ 25 ಸಾವಿರ. ಹೊಸಬರಿಗೆ ಕರಾರು ಮಾಡಿಕೊಟ್ಟರೆ 32 ಸಾವಿರಕ್ಕೆ ಕಡಿಮೆ ಇಲ್ಲ ಎಂದು ಕಟ್ಟಡದ ಮಾಲೀಕರು ಹೇಳಿದ್ದರು. ಕೊಳ್ಳುವವನ ಪಾಲಿಗೆ ಹಳೆಯ ಬಾಡಿಗೆ ಸುಳ್ಳು, ಹೊಸ ಬಾಡಿಗೆಯೇ ನಿಜ. ವ್ಯತ್ಯಾಸ ವರ್ಷಕ್ಕೆ 84 ಸಾವಿರ. ಇದನ್ನೂ ಕಳೆದ ಮೇಲೆ ನಿಂತದ್ದು 4.56 ಲಕ್ಷ. ಹತ್ತು ಲಕ್ಷ ಲಾಭದ ಅಂಗಡಿ ಎಂದು ಊರೆಲ್ಲ ಹೇಳುತ್ತಿದ್ದ ವ್ಯಾಪಾರದಲ್ಲಿ, ಬೆಲೆ ಕಟ್ಟಬಹುದಾದ ಲಾಭ ಇಷ್ಟೇ.

ಇದನ್ನು ಎಷ್ಟರಿಂದ ಗುಣಿಸಬೇಕು? ಇಂಥ ಅಂಗಡಿ ಕೊಳ್ಳುವವನು ಹಾಕಿದ ಹಣ ಎರಡೂವರೆ ಮೂರು ವರ್ಷದಲ್ಲಿ ಮರಳಲಿ ಎಂದು ಬಯಸುತ್ತಾನೆ, ಅದು ನ್ಯಾಯವೂ ಹೌದು. ಗಿರಾಕಿ ಮಾಲೀಕನ ಮುಖ ನೋಡಿ ಬರುವವನಾದರೆ, ಬಾಡಿಗೆ ಕರಾರು ವರ್ಷದೊಳಗೆ ಮುಗಿಯುವುದಾದರೆ, ಬೇಯಿಸುವ ಮುಖ್ಯ ಕೆಲಸಗಾರ ಉಳಿಯುವ ಖಾತ್ರಿ ಇಲ್ಲದಿದ್ದರೆ ಈ ಸಂಖ್ಯೆ ಎರಡಕ್ಕೆ ಇಳಿಯುತ್ತದೆ. ಐದು ವರ್ಷದ ಕರಾರು ಕೈಯಲ್ಲಿದ್ದು ಕೆಲಸಗಾರರು ನಿಲ್ಲುವುದಾದರೆ ಮೂರು ಕೇಳಬಹುದು. ನಾನು ಎರಡೂವರೆಯಿಂದ ಮೂರು ಹಿಡಿದೆ. ಬೆಲೆ 11.40ರಿಂದ 13.70 ಲಕ್ಷದ ನಡುವೆ ಬಂತು. ಇದರಲ್ಲಿ ಯಂತ್ರಗಳೂ ಹೆಸರೂ ಸೇರಿವೆ. ಅಂದಿನ ದಾಸ್ತಾನು ಕೊಂಡ ದರದಲ್ಲಿ ಬೇರೆ, ಕಟ್ಟಡದ ಮಾಲೀಕರ ಬಳಿ ಇರುವ 2.50 ಲಕ್ಷದ ಅಡ್ವಾನ್ಸ್ ಬೇರೆ, ಹಳೆಯ ಬಾಕಿಗಳೆಲ್ಲ ಮಾವನ ತಲೆಗೆ.

ನಾಲ್ಕನೆಯದು ಬಿ.ಕಾಂ ಓದಿದವರಿಗೆಲ್ಲ ಗೊತ್ತಿರುವ ಸೂಪರ್ ಪ್ರಾಫಿಟ್ ವಿಧಾನ. ಯಂತ್ರ, ದಾಸ್ತಾನು, ಅಡ್ವಾನ್ಸ್ ಸೇರಿ ವ್ಯಾಪಾರದಲ್ಲಿ ತೊಡಗಿದ್ದ ಬಂಡವಾಳ 8 ಲಕ್ಷ. ಇದಕ್ಕೆ ನೂರಕ್ಕೆ 15ರಂತೆ ಸಾಮಾನ್ಯ ಪ್ರತಿಫಲ 1.20 ಲಕ್ಷ. ಅದಕ್ಕಿಂತ ಹೆಚ್ಚಾಗಿ ಬಂದ 3.36 ಲಕ್ಷ ಅಂಗಡಿಯ ಹೆಸರು ದುಡಿದುಕೊಟ್ಟ ಹಣ. ಎರಡು ವರ್ಷದ್ದನ್ನು ಗುಡ್‌ವಿಲ್ ಎಂದು ಹಿಡಿದರೆ 6.72 ಲಕ್ಷ, ಯಂತ್ರಗಳ 4.60 ಸೇರಿ 11.32 ಲಕ್ಷ. ಮೂರನೆಯ ಲೆಕ್ಕದ ಹತ್ತಿರಕ್ಕೇ ಬಂತು. ಇದರ ತೊಡಕು ಆ ನೂರಕ್ಕೆ 15 ಮತ್ತು ಎರಡು ವರ್ಷ ಎಂಬ ಅಂಕಿಗಳಲ್ಲಿದೆ. ಎರಡರ ಜಾಗದಲ್ಲಿ ಮೂರು ಬರೆದರೆ ಬೆಲೆ ಮೂರು ಲಕ್ಷಕ್ಕೂ ಹೆಚ್ಚು ಜಿಗಿಯುತ್ತದೆ. ಆದರೆ ಮಾವನನ್ನು ಒಪ್ಪಿಸಲು ಇದೇ ನೆರವಾಯಿತು. "ಇಷ್ಟು ವರ್ಷ ಗಳಿಸಿದ ಹೆಸರಿಗೆ ಬೆಲೆಯೇ ಇಲ್ಲವೇನಪ್ಪಾ?" ಎಂದು ಅವರು ಕೇಳುತ್ತಿದ್ದರು. ಹೆಸರಿಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಎಂದು ಎರಡು ಸಾಲಿನಲ್ಲಿ ಬರೆದು ತೋರಿಸಿದಾಗ ಸಮಾಧಾನವಾಯಿತು.

ಇಷ್ಟಾದರೂ 18 ಲಕ್ಷದ ಆಸೆ ಮನೆಯಿಂದ ಪೂರ್ತಿ ಹೋಗಿರಲಿಲ್ಲ. ಅದಕ್ಕೆ ಕೊಳ್ಳುವವನ ಸಾಲದ ಕಂತನ್ನು ಲೆಕ್ಕ ಹಾಕಿದೆ. ಆತನ ಕೈಯಲ್ಲಿ 4 ಲಕ್ಷ ಇದೆ, ಉಳಿದದ್ದು ನೂರಕ್ಕೆ 13ರ ಬಡ್ಡಿಯಲ್ಲಿ ನಾಲ್ಕು ವರ್ಷದ ಸಾಲ ಎಂದುಕೊಳ್ಳೋಣ. ಬೆಲೆ 12 ಲಕ್ಷವಾದರೆ 8 ಲಕ್ಷ ಸಾಲ, ತಿಂಗಳ ಕಂತು ಸುಮಾರು 21,500. ವರ್ಷಕ್ಕೆ 2.58 ಲಕ್ಷ ಹೋಗಿ ಸುಮಾರು ಎರಡು ಲಕ್ಷ ಉಳಿಯುತ್ತದೆ. ವ್ಯಾಪಾರ ಕೊಂಚ ಇಳಿದರೂ ತಡೆದುಕೊಳ್ಳಬಹುದು. ಬೆಲೆ 18 ಲಕ್ಷವಾದರೆ 14 ಲಕ್ಷ ಸಾಲ, ತಿಂಗಳ ಕಂತು ಸುಮಾರು 37,600, ವರ್ಷಕ್ಕೆ 4.51 ಲಕ್ಷ. ಲಾಭವೇ 4.56 ಲಕ್ಷ! ಓವನ್ ಒಂದು ವಾರ ಕೆಟ್ಟರೆ ಕಂತು ತಪ್ಪುತ್ತದೆ. ಅಂಥ ಬೆಲೆಗೆ ಒಪ್ಪಿದವನೂ ಮುಂಗಡ ಕೊಟ್ಟು ಉಳಿದ ಹಣಕ್ಕೆ ಸತಾಯಿಸುವುದೇ ಹೆಚ್ಚು. ಬೆಲೆ ನ್ಯಾಯವೋ ಅಲ್ಲವೋ ಎಂದು ತಿಳಿಯಲು ನನಗೆ ಈ ಕಂತಿನ ಪರೀಕ್ಷೆಯಷ್ಟು ನೇರವಾದದ್ದು ಬೇರೆ ಕಾಣಲಿಲ್ಲ.

ಇವೆಲ್ಲ ನಿಂತಿರುವುದು ವ್ಯಾಪಾರದ ಅಂಕಿ ನಿಜವಾಗಿದ್ದರೆ ಮಾತ್ರ. ಕೊಳ್ಳಲು ಬಂದ ಹುಡುಗ ಹಾಸನದ ಕಡೆಯವನು, ಬೇಕರಿಯಲ್ಲೇ ಕೆಲಸ ಕಲಿತವನು. ಪುಸ್ತಕ ನೋಡುವ ಮೊದಲು ಅವನು ಮೈದಾ ಚೀಲಗಳ ಬಿಲ್ಲು ಕೇಳಿದ. ಒಂದು ಕಿಲೋ ಮೈದಾದಿಂದ ಸುಮಾರು ಒಂದೂವರೆ ಕಿಲೋ ಬ್ರೆಡ್ ಬರುತ್ತದೆ. ತಿಂಗಳಿಗೆ ಬಂದ ಚೀಲಗಳಿಂದ ಎಷ್ಟು ಸರಕು ಆಗಿರಬೇಕು ಎಂದು ಅವನೇ ಕೂಡಿಸಿ, ಯುಪಿಐ ಜಮೆಗೂ ಜಿಎಸ್‌ಟಿ ರಿಟರ್ನಿಗೂ ಹೋಲಿಸಿದ. ಆಮೇಲೆ ಕೆಲವು ದಿನ ಕೌಂಟರಿನ ಪಕ್ಕದಲ್ಲೇ ಕುಳಿತ. ಮಾರುವವರು ಇಂಥ ಪರೀಕ್ಷೆಗೆ ಸಿದ್ಧರಿರಬೇಕು. ಬಿಲ್ಲಿಲ್ಲದ ನಗದು ವ್ಯಾಪಾರ ಇನ್ನೂ ಇಷ್ಟಿದೆ ಎಂದು ಬಾಯಲ್ಲಿ ಹೇಳಿದರೆ ಅದಕ್ಕೆ ಯಾರೂ ಹಣ ಕೊಡುವುದಿಲ್ಲ, ಬ್ಯಾಂಕಂತೂ ರಿಟರ್ನಿನಲ್ಲಿ ಇದ್ದದ್ದನ್ನು ಮಾತ್ರ ನೋಡುತ್ತದೆ.

ಮಾತು 12.25 ಲಕ್ಷಕ್ಕೆ ನಿಂತಿತು. ಒಂಬತ್ತು ಲಕ್ಷ ಬೀಗದ ಕೈ ಕೊಡುವಾಗ, ಉಳಿದದ್ದು ಹೊಸ ಬಾಡಿಗೆ ಕರಾರು ಹುಡುಗನ ಹೆಸರಿಗೆ ಆದ ಮೇಲೆ. ಆಹಾರ ಪರವಾನಗಿಯೂ ಜಿಎಸ್‌ಟಿ ನೋಂದಣಿಯೂ ಮಾರಾಟದಿಂದ ಕೈ ಬದಲಾಗುವುದಿಲ್ಲ, ಅವನ್ನು ಅವನೇ ಹೊಸದಾಗಿ ಮಾಡಿಸಬೇಕು. ಅಲ್ಲಿಯವರೆಗಿನ ಓಡಾಟಕ್ಕೂ ಪಾಕ ಹೇಳಿಕೊಡುವುದಕ್ಕೂ ಮಾವ ಒಂದು ತಿಂಗಳು ಜೊತೆಗಿರಬೇಕೆಂದು ಪತ್ರದಲ್ಲಿ ಬರೆದೆವು. ಅದೇ ಬಡಾವಣೆಯಲ್ಲಿ ಮಾವ ಇನ್ನೊಂದು ಬೇಕರಿ ತೆರೆಯಬಾರದೆಂಬ ಷರತ್ತೂ ಇತ್ತು. ವ್ಯಾಪಾರ ಮಾಡದಂತೆ ಕಟ್ಟಿಹಾಕುವ ಒಪ್ಪಂದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಗುಡ್‌ವಿಲ್ ಮಾರಿದಾಗ, ಗೊತ್ತಾದ ಪ್ರದೇಶಕ್ಕೆ ಸೀಮಿತವಾಗಿ, ನ್ಯಾಯವೆನಿಸುವಷ್ಟು ನಿರ್ಬಂಧವನ್ನು 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮು ಒಪ್ಪುತ್ತದೆ. ಹಾಗಾಗಿ ಪತ್ರದಲ್ಲಿ ಗುಡ್‌ವಿಲ್‌ನ ಮೊತ್ತವನ್ನು ಯಂತ್ರಗಳ ಮೊತ್ತದಿಂದ ಬೇರೆ ಮಾಡಿ ಕಾಣಿಸಿದೆವು, ಬಡಾವಣೆಯ ಎಲ್ಲೆಯನ್ನೂ ರಸ್ತೆಗಳ ಹೆಸರಿನೊಂದಿಗೆ ಬರೆದೆವು.