ವಂಶವೃಕ್ಷದ ಫೋಟೋ ಕೊಟ್ಟು ಟೈಪ್ ಮಾಡಿಸುವವರು ದಯವಿಟ್ಟು ಓದಿ

ಅಜ್ಜನ ಹೆಸರಲ್ಲಿದ್ದ ನಾಲ್ಕು ಎಕರೆ ಜಮೀನಿನ ಪೌತಿ ಖಾತೆಗೆ ವಂಶವೃಕ್ಷ ಬೇಕಿತ್ತು. ಹಳೇ ಮನೆಯಲ್ಲಿ ಕೈಯಲ್ಲಿ ಬರೆದು ಗಾಜು ಹಾಕಿಸಿದ್ದ ಪಟ ಇತ್ತು. ಅದರ ಫೋಟೋವನ್ನು ಪೇಟೆಯ ಒಂದು ಟೈಪಿಂಗ್ ಅಂಗಡಿಗೆ ವಾಟ್ಸಾಪ್ ಮಾಡಿದೆವು. "ಫೋಟೋ ಸಾಕು, ಯಾರ ಕೆಳಗೆ ಯಾರು ಅಂತ ಪಟ್ಟಿ ಮಾಡಿಕೊಡ್ತೀವಿ" ಎಂದರು. ಪಟ್ಟಿಯೂ ಬಂತು, ಅದನ್ನೇ ಅಫಿಡವಿಟ್‌ಗೂ ಹಾಕಿದರು. ಹೆಸರುಗಳೆಲ್ಲ ಸರಿ ಇದ್ದವು. ಸಂಬಂಧಗಳೇ ತಪ್ಪಿದ್ದವು.

ಅಜ್ಜನಿಗೆ ಇಬ್ಬರು ಹೆಂಡತಿಯರು. ಮೊದಲನೆಯವರ ಮಗಳು ದೊಡ್ಡತ್ತೆ. ಆ ಮೊದಲ ಹೆಂಡತಿ ತೀರಿಕೊಂಡ ಮೇಲೆ ಬಂದ ಎರಡನೆಯವರಿಗೆ ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ. ದೊಡ್ಡಪ್ಪ ಮತ್ತು ದೊಡ್ಡಮ್ಮ ಇಬ್ಬರೂ ಅಜ್ಜನಿಗಿಂತ ಮೊದಲೇ ಹೋದರು. ಅವರಿಗೆ ಮೂವರು ಮಕ್ಕಳು. ಪಟ ಬರೆದವರಿಗೆ ಕೆಳಗೆ ಜಾಗ ಸಾಲದೆ, ಈ ಮೂವರನ್ನು ದೊಡ್ಡಪ್ಪನ ಪಕ್ಕದಲ್ಲೇ ಅದೇ ಸಾಲಿನಲ್ಲಿ ಬರೆದು, ದೊಡ್ಡಪ್ಪನ ಹೆಸರಿನ ಅಡಿಯಿಂದ ಸಣ್ಣ ಗೆರೆ ಎಳೆದಿದ್ದರು. ಫೋಟೋದಲ್ಲಿ ಗಾಜಿನ ಹೊಳಪು ಸರಿಯಾಗಿ ಆ ಗೆರೆಯ ಮೇಲೇ ಬಿದ್ದಿತ್ತು. ಅಂಗಡಿಯವರು ಸಾಲು ನೋಡಿದರು, ಗೆರೆ ಹುಡುಕಲಿಲ್ಲ. ಮೂವರು ಮೊಮ್ಮಕ್ಕಳೂ ಅಜ್ಜನ ಮಕ್ಕಳಾಗಿಬಿಟ್ಟರು.

ಇದು ಎಷ್ಟು ದೊಡ್ಡ ವ್ಯತ್ಯಾಸ ನೋಡಿ. ಜಮೀನು ಅಜ್ಜನ ಸ್ವಂತ ಸಂಪಾದನೆ, ವಿಲ್ ಇಲ್ಲ, ಹೆಂಡತಿಯರೂ ಉಳಿದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ಕು ಮಕ್ಕಳ ಕವಲಿಗೆ ಒಂದೊಂದು ಎಕರೆ. ಮೊದಲೇ ತೀರಿಹೋದ ಮಗನ ಕವಲಿಗೂ ಒಂದೇ ಪಾಲು, ಅದನ್ನು ಅವನ ಮಕ್ಕಳು ಹಂಚಿಕೊಳ್ಳಬೇಕು. ಅಂದರೆ ದೊಡ್ಡಪ್ಪನ ಮಕ್ಕಳಿಗೆ ತಲಾ 13 ಗುಂಟೆ ಚಿಲ್ಲರೆ. ಅಂಗಡಿಯವರ ಪಟ್ಟಿಯಂತೆ ಹೋದರೆ ಬದುಕಿರುವ ಆರು "ಮಕ್ಕಳಿಗೆ" ತಲಾ 26 ಗುಂಟೆ ಚಿಲ್ಲರೆ ಬರುತ್ತಿತ್ತು. ಆ ಮೂವರಿಗೇ ಎರಡು ಎಕರೆ, ಅರ್ಧ ಜಮೀನು! ದೊಡ್ಡತ್ತೆ ಅದನ್ನು ಓದಿ, ಬೇಕಂತಲೇ ಹೀಗೆ ಬರೆಸಿದ್ದಾರೆ ಅಂತ ದೊಡ್ಡಪ್ಪನ ಮಕ್ಕಳ ಮೇಲೆ ಅನುಮಾನಪಟ್ಟರು. ಆ ಹುಡುಗರದ್ದು ಏನೇನೂ ತಪ್ಪಿರಲಿಲ್ಲ. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ. ಗ್ರಾಮ ಆಡಳಿತಾಧಿಕಾರಿ ಮಹಜರಿಗೆ ಬಂದಾಗ ಊರವರ ಹೇಳಿಕೆಗೂ ಪಟ್ಟಿಗೂ ತಾಳೆಯಾಗದೆ ಅರ್ಜಿ ವಾಪಸ್ ಬಂತು.

ಇನ್ನೊಂದು ತಪ್ಪೂ ಇತ್ತು. ಚಿಕ್ಕಪ್ಪ ಮದುವೆಯಾಗಿದ್ದು ದೊಡ್ಡತ್ತೆಯ ಮಗಳನ್ನು. ನಮ್ಮ ಕಡೆ ಅಕ್ಕನ ಮಗಳನ್ನು ತರೋದು ಮಾಮೂಲಿ ಅಲ್ವಾ? ಪಟದಲ್ಲಿ ಅವರ ಹೆಸರು ಎರಡು ಕಡೆ ಇತ್ತು. ಎರಡು ಸಲ ಬಂದಿದೆ ಅಂತ ಅಂಗಡಿಯವರು ಒಂದನ್ನು ಅಳಿಸಿದ್ದರು. ಅಳಿಸಿದ್ದು ದೊಡ್ಡತ್ತೆಯ ಕೆಳಗಿದ್ದದ್ದನ್ನು. ಪಟ್ಟಿ ನೋಡಿದರೆ ದೊಡ್ಡತ್ತೆಗೆ ಮಕ್ಕಳೇ ಇಲ್ಲ.

ಆಮೇಲೆ ನಾವೇ ಕೂತು ಸರಿ ಮಾಡಿದೆವು. ಪಟವನ್ನು ಗಾಜಿನಿಂದ ಬಿಡಿಸಿ, ನೆಲದ ಮೇಲಿಟ್ಟು, ಕಿಟಕಿಯ ಬೆಳಕಲ್ಲಿ ನೇರ ಮೇಲಿನಿಂದ ಫೋಟೋ ತೆಗೆದೆವು. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿ ಸಣ್ಣ ಗೆರೆಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಅಂತ ಕಳಿಸಿ. ಪಟ್ಟಿಯನ್ನು ನೇರವಾಗಿ ಬರೆಯಲೇ ಇಲ್ಲ. ಮೊದಲು ಪ್ರತಿ ಹೆಸರಿನಿಂದ ಗೆರೆ ಹಿಡಿದು ಮೇಲಕ್ಕೆ ಹೋಗಿ ತಂದೆ ಯಾರು, ತಾಯಿ ಯಾರು ಅಂತ ಬೇರೆ ಹಾಳೆಯಲ್ಲಿ ಬರೆದೆವು. ಮೇಲಿಂದ ಕೆಳಗೆ ಬಂದರೆ ಕಣ್ಣು ಸಾಲಿನ ಹಿಂದೆ ಹೋಗುತ್ತದೆ. ಕೆಳಗಿಂದ ಹೋದರೆ ಗೆರೆ ಬಿಟ್ಟು ಬೇರೆ ದಾರಿಯೇ ಇಲ್ಲ. ಗೆರೆ ಕಾಣದ ಕಡೆ ಊಹಿಸದೆ ಪ್ರಶ್ನೆ ಚಿಹ್ನೆ ಹಾಕಿ ದೊಡ್ಡತ್ತೆಯನ್ನು ಕೇಳಿದೆವು. ಕೊನೆಗೆ ಬಂದ ರೂಪ ಇದು:

```
1 ಅಜ್ಜ (ದಿ.)
  ಮೊದಲ ಹೆಂಡತಿ (ದಿ.)
    1.1 ದೊಡ್ಡತ್ತೆ
      1.1.1 ಮಗಳು (1.4ರ ಹೆಂಡತಿ)
  ಎರಡನೇ ಹೆಂಡತಿ (ದಿ.)
    1.2 ದೊಡ್ಡಪ್ಪ (ದಿ.)
      1.2.1 ಮಗ
      1.2.2 ಮಗ
      1.2.3 ಮಗಳು
    1.3 ಅಪ್ಪ
    1.4 ಚಿಕ್ಕಪ್ಪ (ಹೆಂಡತಿ: 1.1.1 ನೋಡಿ)
```

ಹೆಸರಿನ ಜಾಗದಲ್ಲಿ ಇಲ್ಲಿ ಸಂಬಂಧ ಹಾಕಿದ್ದೇನೆ, ಅಷ್ಟೇ. ಮಕ್ಕಳನ್ನು ತಂದೆಯ ಕೆಳಗೆ ಸುಮ್ನೆ ಸೇರಿಸದೆ ಅವರವರ ತಾಯಿಯ ಕೆಳಗೆ ಇಡಿ. ಎರಡು ಕಡೆ ಬರುವವರನ್ನು ಒಂದೇ ಕಡೆ ಪೂರ್ತಿ ಬರೆದು, ಇನ್ನೊಂದು ಕಡೆ ನಂಬರ್ ಮಾತ್ರ ಕೊಡಿ. ನಂಬರ್ ಯಾಕೆ ಬೇಕೆಂದರೆ, ಬರೀ ಜಾಗ ಬಿಟ್ಟು ಬರೆದ ಪಟ್ಟಿಯನ್ನು ಬೇರೆ ಕಡೆ ಪೇಸ್ಟ್ ಮಾಡಿದರೆ ಎಷ್ಟೋ ಸಲ ಎಲ್ಲ ಹೆಸರೂ ಎಡಕ್ಕೆ ಬಂದು ನಿಲ್ಲುತ್ತವೆ. ಆಗಲೂ 1.2.1 ಅಂತಿದ್ದರೆ ಅವನು 1.2ರ ಮಗ ಅನ್ನೋದು ಉಳಿಯುತ್ತದೆ.

ತೀರಿಕೊಂಡವರ ಮುಂದೆ ತೀರಿಕೊಂಡ ತಾರೀಖನ್ನೂ ಬರೆಸಿ. ದೊಡ್ಡಪ್ಪ ಅಜ್ಜನಿಗಿಂತ ಮೊದಲು ಹೋದರೋ ಆಮೇಲೋ ಅನ್ನೋದು ಬರೀ "ದಿ." ಎಂಬುದರಿಂದ ಗೊತ್ತಾಗುವುದಿಲ್ಲ. ನಮ್ಮ ಎರಡನೇ ಅರ್ಜಿಯ ಹೊತ್ತಿಗೆ ಮೊದಲು ಕೇಳಿದ್ದೇ ಅದನ್ನು.