ಗಲ್ಫ್‌ಗೆ ಹೊರಟಿರುವ ಚಾಲಕರೇ, ನಿಮ್ಮ ಬಯೋಡೇಟಾವನ್ನು ಮೊದಲು ಪೂರ್ತಿ ಓದಿ

ಸುರತ್ಕಲ್, ಬೈಕಂಪಾಡಿ, ಪಡುಬಿದ್ರಿ ಕಡೆಯ ಟ್ಯಾಂಕರ್ ಮತ್ತು ಟ್ರೈಲರ್ ಚಾಲಕರು ದಯವಿಟ್ಟು ಇದನ್ನು ಕೊನೆಯವರೆಗೆ ಓದಿ. ವಿದೇಶದ ಕೆಲಸಕ್ಕೆ ಬಯೋಡೇಟಾ ಮಾಡಿಕೊಡುತ್ತೇವೆ ಎಂದು ಬೋರ್ಡ್ ಹಾಕಿಕೊಂಡಿರುವ ಮಂಗಳೂರಿನ ಒಂದು ಅಂಗಡಿಗೆ ನಾನು 6,500 ರೂಪಾಯಿ ಕೊಟ್ಟೆ. ಹಣ ಹೋದರೆ ಹೋಗಲಿ. ಆ ಕಾಗದ ಹಿಡಿದುಕೊಂಡು ಮುಂಬೈಯಲ್ಲಿ ಸಂದರ್ಶನದ ಮೇಜಿನ ಮುಂದೆ ಕಳ್ಳನ ಹಾಗೆ ತಲೆ ತಗ್ಗಿಸಿ ಕುಳಿತೆನಲ್ಲ, ಅದು ಮರೆಯುತ್ತಿಲ್ಲ. ಹನ್ನೊಂದು ದಿನವಾಯಿತು, ಈಗಲೂ ನಡುರಾತ್ರಿ ಎಚ್ಚರವಾಗುತ್ತದೆ.

ನಾನು ಹನ್ನೆರಡು ವರ್ಷದಿಂದ ಗ್ಯಾಸ್ ಬುಲೆಟ್ ಓಡಿಸುತ್ತಿದ್ದೇನೆ. ತುಂಬಿದ ಗಾಡಿಯನ್ನು ಶಿರಾಡಿ ಘಾಟಿ ಹತ್ತಿಸಿ ಹಾಸನ, ಮೈಸೂರು ಮುಟ್ಟಿಸುವುದು ನನ್ನ ಕೆಲಸ. ಹೆವಿ ಲೈಸೆನ್ಸ್ ಇದೆ. ಅದರ ಮೇಲೆ ಅಪಾಯಕಾರಿ ಸರಕು ಸಾಗಿಸುವ ಅನುಮತಿಯೂ ಇದೆ. ನಾವು ಹಝಾರ್ಡಸ್ ಎನ್ನುತ್ತೇವಲ್ಲ, ಅದು. ಮೂರು ದಿನ ತರಗತಿಯಲ್ಲಿ ಕುಳಿತು ಪಡೆದದ್ದು. ಈಗಿನ ನಿಯಮದಂತೆ ಮೂರು ವರ್ಷಕ್ಕೊಮ್ಮೆ ಒಂದು ದಿನದ ಮರುತರಬೇತಿ ಮುಗಿಸಿ ನವೀಕರಿಸಿಕೊಳ್ಳಬೇಕು, ಮಾಡಿಕೊಂಡಿದ್ದೇನೆ. ಬುಲೆಟ್ಟಿನ ಮೇಲೆ ಬರೆದ 1075 ಏನನ್ನು ಹೇಳುತ್ತದೆ, ಕ್ಯಾಬಿನ್‌ನಲ್ಲಿ ಟ್ರೆಮ್ ಕಾರ್ಡ್ ಯಾಕೆ ಇರಬೇಕು, ವಾಲ್ವ್ ಸೋರಿದರೆ ಜನರನ್ನು ಗಾಳಿಯ ಯಾವ ಬದಿಗೆ ಕಳಿಸಬೇಕು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಅಂಗಡಿಯಲ್ಲಿದ್ದ ಹುಡುಗ, "ಅಣ್ಣಾ, ಸೇಫ್ಟಿ ಸರ್ಟಿಫಿಕೇಟ್ ಏನಾದರೂ ಉಂಟಾ?" ಎಂದು ಕೇಳಿದ. ಹಝಾರ್ಡಸ್ ಇದೆ ಎಂದೆ. "ಅದು ಊರಿನದ್ದು, ಅಲ್ಲಿ ನಡೆಯುವುದಿಲ್ಲ. ನೀವು ತಲೆಬಿಸಿ ಮಾಡಬೇಡಿ, ನಾವು ನೋಡಿಕೊಳ್ಳುತ್ತೇವೆ" ಎಂದ. ಇರುವುದನ್ನೇ ಚೆನ್ನಾಗಿ ಬರೆದುಕೊಡುತ್ತಾರೆ ಎಂದುಕೊಂಡೆ. ಅಲ್ಲಿಯೇ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ನಾಲ್ಕನೆಯ ದಿನ ಹಾಸನದಲ್ಲಿ ಗಾಡಿ ಖಾಲಿ ಮಾಡಿ ಹೊರಗೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಬಂದಿತ್ತು. ನಾಲ್ಕು ಪುಟ, ಎಲ್ಲ ಇಂಗ್ಲಿಷ್. ಫೋಟೋ ನನ್ನದೇ, ಹೆಸರು ಸರಿ ಇದೆ, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆ ಎಂದು ನೋಡಿ ಹೆಬ್ಬೆರಳಿನ ಗುರುತು ಕಳಿಸಿದೆ. ಉಳಿದದ್ದನ್ನು ಓದಲಿಲ್ಲ. ಮನೆಯಲ್ಲಿ ಪಿಯುಸಿ ಓದುವ ಮಗಳಿದ್ದಾಳೆ. ಹತ್ತು ನಿಮಿಷ ಅವಳ ಕೈಗೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಮತ್ಸ್ಯಗಂಧದಲ್ಲಿ ರಾತ್ರಿಯಿಡೀ ಕುಳಿತು ಮುಂಬೈಗೆ ಹೋದೆ. ಸಂದರ್ಶನ ಮಾಡಿದವರು ವಯಸ್ಸಾದವರು, ಹಿಂದಿಯಲ್ಲಿ ಮರ್ಯಾದೆಯಿಂದಲೇ ಮಾತನಾಡಿದರು. ಮೂರನೆಯ ಪುಟ ತಿರುಗಿಸಿ, "ಎಚ್‌ಟುಎಸ್ ತರಬೇತಿ ಆಗಿದೆಯಲ್ಲ, ಮೈಮೇಲೆ ಹಾಕಿಕೊಳ್ಳುವ ಮೀಟರ್ ಮೊದಲ ಸಲ ಎಷ್ಟಕ್ಕೆ ಕೂಗುತ್ತದೆ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಣ್ಣೆ ಬಾವಿಯ ಕಡೆ ಬರುವ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಅದು; ಹೆಚ್ಚಾದರೆ ಮೂಗಿಗೆ ವಾಸನೆಯೇ ಸಿಗುವುದಿಲ್ಲ, ಹಾಗಾಗಿ ಮೀಟರನ್ನೇ ನಂಬಬೇಕು, ಸಾಮಾನ್ಯವಾಗಿ ಹತ್ತು ಪಿಪಿಎಂಗೆ ಕೂಗುವ ಹಾಗೆ ಇಟ್ಟಿರುತ್ತಾರೆ. ಇದೆಲ್ಲ ಊರಿಗೆ ಬಂದ ಮೇಲೆ ತಿಳಿದುಕೊಂಡದ್ದು. ಅಲ್ಲಿ ಸುಮ್ಮನೆ ಕುಳಿತಿದ್ದೆ.

ಅವರು ನನ್ನ ಮುಖ ನೋಡಿದರು, ಫೋಟೋ ನೋಡಿದರು. "ಗಡ್ಡ ಇಟ್ಟುಕೊಂಡೇ ತರಬೇತಿ ಮುಗಿಸಿದಿರಾ?" ಎಂದರು. ಉಸಿರಾಟದ ಮಾಸ್ಕ್ ಕೆನ್ನೆಗೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಸಂದಿಯಲ್ಲಿ ಅನಿಲ ಒಳಗೆ ಬರುತ್ತದೆ, ಅದಕ್ಕೇ ಆ ತರಬೇತಿಗೆ ಬೋಳಿಸಿಕೊಂಡು ಬರಲು ಹೇಳುತ್ತಾರಂತೆ. ನಾನು ಮದುವೆಯ ದಿನದಿಂದ ಗಡ್ಡ ತೆಗೆದವನಲ್ಲ.

ಆಮೇಲೆ ಪಾಸ್‌ಪೋರ್ಟ್ ಕೇಳಿದರು. ಒಂದೊಂದೇ ಹಾಳೆ ಮಗುಚಿದರು. ಎಲ್ಲ ಹಾಳೆಯೂ ಖಾಲಿ. ನನ್ನ ಮೊದಲ ಪಾಸ್‌ಪೋರ್ಟ್ ಅದು, 2023ರಲ್ಲಿ ಮಾಡಿಸಿದ್ದು. ಬಯೋಡೇಟಾವನ್ನು ನನ್ನ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದರು. 2016ರಿಂದ 2019ರವರೆಗೆ ದಮ್ಮಾಮ್‌ನಲ್ಲಿ ಟ್ರೈಲರ್ ಚಾಲಕ. ತರಬೇತಿ ನಡೆದ ಸ್ಥಳ ಜುಬೈಲ್. ನಾನು ವಿಮಾನವನ್ನೇ ಹತ್ತಿಲ್ಲ! ಸರ್, ಇದು ನಾನು ಬರೆದದ್ದಲ್ಲ, ಅಂಗಡಿಯವರು ಬರೆದದ್ದು ಎಂದೆ. "ಕೆಳಗೆ ಸಹಿ ಯಾರದ್ದು?" ಎಂದರು. ಸಹಿ ನನ್ನದೇ. ಪ್ರಿಂಟ್ ತೆಗೆದು ಕೊಟ್ಟಾಗ ಹಾಕಿದ್ದೆ.

ಹೊಟ್ಟೆ ಉರಿಯುವುದು ಮುಂದಿನದಕ್ಕೆ. ಕಿಸೆಯಿಂದ ಲೈಸೆನ್ಸ್ ತೆಗೆದು ಹಝಾರ್ಡಸ್ ತೋರಿಸಿದೆ. ಅವರು ಕಾರ್ಡ್ ತಿರುಗಿಸಿ ನೋಡಿ, "ನಾವು ಹುಡುಕುತ್ತಿದ್ದದ್ದು ಇಂಥವರನ್ನೇ. ಇದು ನಿಮ್ಮ ಕಾಗದದಲ್ಲಿ ಎಲ್ಲಿದೆ?" ಎಂದರು. ಎಲ್ಲಿಯೂ ಇರಲಿಲ್ಲ. ಆ ಹುಡುಗ ಲೈಸೆನ್ಸಿನ ಒಂದೇ ಬದಿ ಸ್ಕ್ಯಾನ್ ಮಾಡಿದ್ದ. ಹನ್ನೆರಡು ವರ್ಷ ಬುಲೆಟ್ ಓಡಿಸಿದ್ದು "ಲಾರಿ ಚಾಲಕ" ಎಂಬ ಒಂದು ಸಾಲಿನಲ್ಲಿ ಮುಗಿದಿತ್ತು. ಇದ್ದದ್ದನ್ನು ಅಳಿಸಿ ಇಲ್ಲದ್ದನ್ನು ತುಂಬಿಸಿದ್ದರು. ಈಗ ಲೈಸೆನ್ಸ್ ತೋರಿಸಿದರೂ ನಂಬುವುದು ಹೇಗೆ ಎಂದರು ಅವರು. ಅವರದ್ದು ತಪ್ಪು ಎನ್ನಲಾರೆ. ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡು ಮುಂದಿನವರನ್ನು ಕರೆದರು.

ಅಂಗಡಿಗೆ ಕರೆ ಮಾಡಿದರೆ ಎತ್ತಲಿಲ್ಲ. ಮೆಸೇಜಿಗೆ ಬಂದ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಅಣ್ಣಾ, ಎಲ್ಲರದ್ದೂ ಹೀಗೆಯೇ ಮಾಡುವುದು." "ಅನುಭವ ಇಲ್ಲ ಎಂದು ಬರೆದರೆ ಯಾರು ಕರೆಯುತ್ತಾರೆ ಮಾರಾಯರೇ?" "ನೀವು ಉತ್ತರ ಕಲಿತುಕೊಂಡು ಹೋಗಬೇಕಿತ್ತು." ಹಣ ವಾಪಸ್ ಕೊಡಿ ಎಂದಾಗ, ನಾನು ಅಂದು ಕಳಿಸಿದ್ದ ಹೆಬ್ಬೆರಳಿನ ಗುರುತನ್ನೇ ಫೋಟೋ ತೆಗೆದು ಕಳಿಸಿ, "ನೀವೇ ಒಪ್ಪಿದ್ದೀರಿ" ಎಂದರು. ಆಮೇಲೆ ನನ್ನನ್ನು ಬ್ಲಾಕ್ ಮಾಡಿದ್ದಾರೆ.

ನೇರವಾಗಿ ಅಂಗಡಿಗೇ ಹೋದೆ. ಸುಳ್ಳು ಸರ್ಟಿಫಿಕೇಟ್ ಹಾಕಿದ್ದು ಯಾಕೆ ಎಂದು ಕೇಳಿದ್ದಕ್ಕೆ ಮಾಲೀಕರು, "ಅದು ಮಾದರಿ ಮಾತ್ರ, ನೀವು ಬದಲಿಸಿಕೊಳ್ಳಬೇಕಿತ್ತು" ಎಂದರು. ಮಾದರಿಗೆ ನನ್ನ ಹೆಸರು ಯಾಕೆ? ಇದಕ್ಕೆ ಉತ್ತರ ಇರಲಿಲ್ಲ. ಗಿರಾಕಿಗಳು ಕಾಯುತ್ತಿದ್ದಾರೆ, ಹೊರಡಿ ಎಂದರು.

ಈಗ ಮಗಳ ಜೊತೆ ಕುಳಿತು ಹೊಸದು ಮಾಡಿದ್ದೇನೆ, ಒಂದೇ ಪುಟ. ಮೇಲೆಯೇ ಲೈಸೆನ್ಸ್ ಸಂಖ್ಯೆ, ಹೆವಿ ಸಿಕ್ಕಿದ ದಿನಾಂಕ (ಅನುಭವದ ವರ್ಷ ಅಲ್ಲಿಂದಲೇ ಎಣಿಸುತ್ತಾರೆ), ಟ್ರಾನ್ಸ್‌ಪೋರ್ಟ್ ಅವಧಿ ಯಾವತ್ತಿನವರೆಗೆ, ಹಝಾರ್ಡಸ್ ಯಾವತ್ತಿನವರೆಗೆ. ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ಸಂಖ್ಯೆ ಹಾಕಿದರೆ Hazardous Valid Till ಎಂಬ ಸಾಲು ಬರುತ್ತದೆ. ನೀವು ಬರೆದ ದಿನಾಂಕ ಅದಕ್ಕೆ ಸರಿಹೊಂದಬೇಕು. ಆಮೇಲೆ ಓಡಿಸಿದ ಗಾಡಿ, ಸಾಗಿಸಿದ ಸರಕು, ಹೋದ ದಾರಿ. ತರಬೇತಿಯ ಕಾಲಂನಲ್ಲಿ ಮೂಲಪ್ರತಿ ಮನೆಯಲ್ಲಿ ಇರುವುದನ್ನು ಮಾತ್ರ ಬರೆಯಿರಿ: ಕೊಟ್ಟವರು ಯಾರು, ಸಂಖ್ಯೆ ಎಷ್ಟು, ದಿನಾಂಕ ಯಾವುದು. ಬೇರೆ ಯಾರೇ ಬರೆದುಕೊಟ್ಟರೂ ಸಾಲು ಸಾಲು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಲೈಸೆನ್ಸಿನ ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಏಜೆಂಟರ ನೋಂದಣಿಯನ್ನು emigrate.gov.in ನಲ್ಲಿ ನೋಡಿಕೊಳ್ಳಿ. ಆ ಅಂಗಡಿಯ ಹೆಸರು ನನಗೆ ಅಲ್ಲಿ ಸಿಗಲಿಲ್ಲ.

ಮೊನ್ನೆ ಮೂಲ್ಕಿಯ ಸ್ನೇಹಿತನೊಬ್ಬ ಅದೇ ಅಂಗಡಿಯಲ್ಲಿ ಮಾಡಿಸಿದ್ದನ್ನು ತಂದು ತೋರಿಸಿದ. ಅವನು ಕ್ರೇನ್ ಆಪರೇಟರ್. ಮೂರನೆಯ ಪುಟದಲ್ಲಿ ಅದೇ ಎಚ್‌ಟುಎಸ್, ಅದೇ ಜುಬೈಲ್, ಅದೇ ದಿನಾಂಕ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆವು. ಸರ್ಟಿಫಿಕೇಟ್ ಸಂಖ್ಯೆಯೂ ಒಂದೇ, ಹೆಸರು ಮಾತ್ರ ಬೇರೆ. ಅವನಿಗೆ ಬರುವ ಸೋಮವಾರ ಸಂದರ್ಶನ ಇದೆ. ಆ ಪುಟವನ್ನು ನನ್ನೆದುರಿಗೇ ಹರಿದು ಹಾಕಿದ.