ಆ ಫೋಟೋ ನಿಜ, ರ‍್ಯಾಂಕ್ ನಿಜ, ಆದ್ರೂ ನಾನು ಮೋಸ ಹೋದೆ: ಕೋಚಿಂಗ್ ಸೇರುವ ಮುಂಚೆ ಇದನ್ನು ಓದಿ

ಮಾರ್ಕೆಟಿಂಗ್ ಕಾನೂನಿನ ಅಸೈನ್‌ಮೆಂಟ್‌ಗೆ ಒಂದು ಜಾಹೀರಾತು ತಗೊಂಡು ಬಂದು, ಅದರಲ್ಲಿ ಏನು ತಪ್ಪಿದೆ ಅಂತ ಬಿಡಿಸಿ ಬರೆಯಿರಿ ಅಂದರು ನಮ್ಮ ಮೇಡಂ. ಎಲ್ಲರೂ ಫೇಸ್ ಕ್ರೀಮು, ತೂಕ ಇಳಿಸುವ ಪುಡಿ ಹುಡುಕಿದರು. ನನಗೆ ಹುಡುಕುವ ಕೆಲಸವೇ ಇರಲಿಲ್ಲ. ನನ್ನನ್ನು ಮುಳುಗಿಸಿದ ಕರಪತ್ರ ಫೈಲಿನಲ್ಲೇ ಇತ್ತು.

ಡಿಗ್ರಿ ಮುಗಿದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಅಂತ ಒಂದು ಕೋಚಿಂಗ್ ಸೆಂಟರ್ ಸೇರಿದ್ದೆ. ಹೆಸರು ಬೇಡ. ಕರಪತ್ರದ ಮೇಲೆ ದಪ್ಪ ಅಕ್ಷರದಲ್ಲಿ "ಈ ವರ್ಷ ನಮ್ಮಲ್ಲಿ ಓದಿ ಆಯ್ಕೆಯಾದವರು 112" ಅಂತ ಇತ್ತು. ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಅಳತೆಯ ಫೋಟೋಗಳು, ಪ್ರತಿ ಫೋಟೋದ ಕೆಳಗೆ ಹೆಸರು, ರ‍್ಯಾಂಕ್. ಅದರ ಪಕ್ಕದಲ್ಲೇ ವರ್ಷಪೂರ್ತಿ ನಡೆಯುವ ಕೋರ್ಸಿನ ಬಣ್ಣದ ಚೌಕ: "ಕೆಲವೇ ಸೀಟು ಬಾಕಿ". 112ರ ತಲೆ ಮೇಲೆ ಒಂದು ಚುಕ್ಕಿ ಗುರುತೂ ಇತ್ತು. ನಾನು ಗಮನಿಸಲಿಲ್ಲ. ಯಾರು ಗಮನಿಸ್ತಾರೆ ಹೇಳಿ?

ಫೀಸು ಪೂರ್ತಿ ಒಂದೇ ಸಲ ಕಟ್ಟಿಸಿಕೊಂಡರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಪಾಠ ಮಾಡುವವರು ಮೂರು ಸಲ ಬದಲಾದರು. ಅದೇ ಹೊತ್ತಿಗೆ ಆ ಫೋಟೋದಲ್ಲಿದ್ದ ಒಬ್ಬರು, ನನ್ನ ಗೆಳತಿಯ ಅಕ್ಕನ ಪರಿಚಯದವರು, ಮಾತಿಗೆ ಸಿಕ್ಕರು. "ನಾನು ಅಲ್ಲಿ ಒಂದು ದಿನಾನೂ ಕ್ಲಾಸಿಗೆ ಕೂತಿಲ್ಲಮ್ಮ. ಮೇನ್ಸ್ ಪಾಸಾದ ಮೇಲೆ ಅವರೇ ಫೋನ್ ಮಾಡಿ, ಅಣಕು ಸಂದರ್ಶನ ಫ್ರೀ ಇದೆ ಬನ್ನಿ ಅಂದರು. ಎರಡು ಸಲ ಹೋಗಿ ಬಂದೆ. ಫೋಟೋ ಹಾಕ್ತೀವಿ ಅಂತಾನೂ ಕೇಳಲಿಲ್ಲ."

ಅಂದರೆ ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಅವರು ಸ್ವಂತವಾಗಿ ದಾಟಿದ್ದರು. ಕೊನೆಯ ಮೆಟ್ಟಿಲಲ್ಲಿ ಎರಡು ಮಧ್ಯಾಹ್ನ ಕೂರಿಸಿಕೊಂಡವರು ಇಡೀ ಮಹಡಿಯನ್ನೇ ತಾವು ಕಟ್ಟಿದ್ದು ಅಂತ ಹೇಳಿಕೊಂಡಿದ್ದರು. ಅವರದೇ ಫೋಟೋ ಇನ್ನೆರಡು ಸೆಂಟರ್‌ಗಳ ಫ್ಲೆಕ್ಸಿನಲ್ಲೂ ಇತ್ತು. ಅಲ್ಲೂ ಫ್ರೀ ಸಂದರ್ಶನವೇ.

ಸಿಟ್ಟಿನಲ್ಲಿ ಹೋಗಿ ಮ್ಯಾನೇಜರ್‌ನ ಕೇಳಿದೆ. ಅವರು ನಗುತ್ತಾ, "ಸುಳ್ಳು ಎಲ್ಲಿದೆ ಹೇಳಿ? ಅವರ ಹೆಸರು ನಿಜ, ರ‍್ಯಾಂಕ್ ನಿಜ, ನಮ್ಮಲ್ಲಿಗೆ ಬಂದಿದ್ದೂ ನಿಜ" ಅಂದರು. ನಾನು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ನಾನು ಎಡವಿದ್ದು ಇಲ್ಲೇ. ಸುಳ್ಳು ಹೇಳಿದರೆ ಮಾತ್ರ ತಪ್ಪು ಅಂದುಕೊಂಡಿದ್ದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(28) ದಾರಿ ತಪ್ಪಿಸುವ ಜಾಹೀರಾತು ಅಂದರೆ ಏನು ಅಂತ ಹೇಳುತ್ತದೆ. ಸುಳ್ಳು ವರ್ಣನೆ, ಸುಳ್ಳು ಗ್ಯಾರಂಟಿ ಅದರಲ್ಲಿ ಬರುತ್ತವೆ. ಜೊತೆಗೆ ಮುಖ್ಯವಾದ ಮಾಹಿತಿಯನ್ನು ಬೇಕಂತಲೇ ಮುಚ್ಚಿಡುವುದೂ ಬರುತ್ತದೆ. ನನ್ನ ಕೇಸು ಪೂರ್ತಿ ಈ ಕೊನೆಯ ಮಾತಿನ ಮೇಲೇ ನಿಂತಿತ್ತು. ಆ ಪುಟದಲ್ಲಿ ಒಂದೊಂದು ಪದವೂ ನಿಜವಿರಬಹುದು. ಆದರೆ ಆಯ್ಕೆಯಾದವರು ತಗೊಂಡಿದ್ದು ಯಾವ ಕೋರ್ಸು ಅನ್ನುವುದನ್ನು ಬಿಟ್ಟು, ಫೋಟೋ ಪಕ್ಕದಲ್ಲೇ ದುಬಾರಿ ಕೋರ್ಸನ್ನು ಇಟ್ಟರೆ ನೋಡಿದವರಿಗೆ ಏನನ್ನಿಸುತ್ತದೆ? ಅದೇ ಪ್ರಶ್ನೆ.

ಒಂದು ಮಾತು. "ನಾವೇ ಅತ್ಯುತ್ತಮ" ಅಂತ ಬರೆದಿದ್ದರೆ ನನ್ನ ಕೈಯಲ್ಲಿ ಜಾಸ್ತಿ ಏನೂ ಇರುತ್ತಿರಲಿಲ್ಲ. ಅದು ತುತ್ತೂರಿ, ಅಳೆಯೋಕಾಗಲ್ಲ. 112 ಅನ್ನುವುದು ಹಾಗಲ್ಲ. ಎಣಿಸಿ ನೋಡಬಹುದಾದ ಮಾತು. ಎಣಿಸಿ ನೋಡಬಹುದಾದ ಮಾತು ಹೇಳಿದವರು ಆಧಾರ ತೋರಿಸಬೇಕು. ಅಸೈನ್‌ಮೆಂಟ್ ಬರೆಯುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಇನ್ನು ಆ ಚುಕ್ಕಿ ಗುರುತಿನ ಕಥೆ. ಕರಪತ್ರದ ಹಿಂಬದಿಯಲ್ಲಿ, ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಓದಲಾಗುವ ಇಂಗ್ಲಿಷ್ ಸಾಲೊಂದಿತ್ತು: ಈ ಲೆಕ್ಕದಲ್ಲಿ ಎಲ್ಲಾ ಕಾರ್ಯಕ್ರಮಗಳೂ ಸೇರಿವೆ, ಅಣಕು ಸಂದರ್ಶನವೂ ಸೇರಿದಂತೆ. "ನಾವು ಹೇಳಿದ್ದೀವಲ್ಲ" ಅನ್ನುವುದು ಅವರ ವಾದ. 2022ರ ಜೂನ್‌ನಲ್ಲಿ ಬಂದ ದಾರಿ ತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಈ ವಾದವನ್ನು ಒಪ್ಪುವುದಿಲ್ಲ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಫಾಂಟ್‌ನಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು. ಷರತ್ತು ಮುಖ್ಯ ಮಾತನ್ನು ವಿವರಿಸಬಹುದು, ಅದಕ್ಕೆ ಉಲ್ಟಾ ಹೊಡೆಯುವಂತಿಲ್ಲ. "ನಮ್ಮಲ್ಲಿ ಓದಿ" ಅಂತ ಮುಂದೆ ಬರೆದು, "ಓದಿಲ್ಲ" ಅಂತ ಹಿಂದೆ ಬರೆದರೆ ಅದು ಉಲ್ಟಾ ಹೊಡೆದಂತೆಯೇ ಅಲ್ವಾ?

ಕೋಚಿಂಗ್‌ಗೆ ಅಂತಲೇ 2024ರ ನವೆಂಬರ್ 13ರಂದು ಬೇರೆ ಮಾರ್ಗಸೂಚಿ ಬಂದಿದೆ. ಆಯ್ಕೆಯಾದವರ ಹೆಸರು, ರ‍್ಯಾಂಕ್ ಜೊತೆಗೆ ಅವರು ತಗೊಂಡ ಕೋರ್ಸು ಯಾವುದು, ಎಷ್ಟು ಅವಧಿ, ದುಡ್ಡು ಕೊಟ್ಟಿದ್ದೋ ಫ್ರೀಯೋ ಅಂತ ಹೇಳಬೇಕು. ಫೋಟೋಗೆ ಲಿಖಿತ ಒಪ್ಪಿಗೆ ಬೇಕು, ಅದೂ ಆಯ್ಕೆಯಾದ ನಂತರ ಪಡೆದದ್ದು. ಸೇರುವಾಗಲೇ ಫಾರಂನಲ್ಲಿ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ. ಸುಮ್ನೆ "ಕೆಲವೇ ಸೀಟು" ಅಂತ ಹೆದರಿಸುವುದಕ್ಕೂ ತಡೆ ಇದೆ. ಒಂದು ಮಿತಿ ನೆನಪಿರಲಿ: ಇದು ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆಗೆ ಮಾತ್ರ. ಸಣ್ಣ ಟ್ಯೂಷನ್ ಆದರೆ ಮೂಲ ಕಾಯ್ದೆಯನ್ನೇ ಹಿಡಿಯಬೇಕು.

ದೂರಿನಲ್ಲಿ ನಾನು ಮಾಡಿದ ಎಡವಟ್ಟು ನೀವು ಮಾಡಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆದು, ಇನ್ನೇನು ಫೀಸು ವಾಪಸ್ ಬರುತ್ತೆ ಅಂತ ಕಾಯುತ್ತಾ ಕೂತೆ. ಆ ಪ್ರಾಧಿಕಾರ ನೋಡುವುದು ಎಲ್ಲಾ ಗ್ರಾಹಕರಿಗೆ ಒಟ್ಟಾಗಿ ಆಗುವ ತೊಂದರೆಯನ್ನು. ಜಾಹೀರಾತು ನಿಲ್ಲಿಸಿ ಅನ್ನಬಹುದು, 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಆ ದಂಡ ನನ್ನ ಜೇಬಿಗೆ ಬರುವುದಿಲ್ಲ. ನನಗೊಬ್ಬಳಿಗೆ ಆದ ನಷ್ಟಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕಿತ್ತು. ಅದಕ್ಕೆ ಎರಡು ವರ್ಷದ ಗಡುವು ಇದೆ. ಬೇರೆ ಕಡೆ ದೂರು ಕೊಟ್ಟಿದ್ದೇನೆ ಅಂತ ಆ ಗಡಿಯಾರ ನಿಲ್ಲುವುದಿಲ್ಲ.

ಮಧ್ಯೆ 1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಸೆಂಟರ್‌ನ ಕೇಳಿದರು. "ಕಟ್ಟಿದ ಫೀಸು ವಾಪಸ್ ಇಲ್ಲ ಅಂತ ರಸೀದಿಯಲ್ಲೇ ಇದೆ" ಅಂತ ಉತ್ತರ ಬಂತು. ಸಹಾಯವಾಣಿ ರಾಜಿ ಮಾಡಿಸಬಹುದು, ಆದೇಶ ಕೊಡಲಾಗದು. ಆಮೇಲೆ ಆಯೋಗಕ್ಕೆ ದೂರು ಹಾಕಿದೆ. ನಾನು ಕೊಟ್ಟಿದ್ದು 5 ಲಕ್ಷಕ್ಕಿಂತ ಕಡಿಮೆ, ಹಾಗಾಗಿ ದೂರಿಗೆ ಶುಲ್ಕ ಇರಲಿಲ್ಲ. ವಕೀಲರೂ ಕಡ್ಡಾಯವಲ್ಲ. ಸೆಂಟರ್ ಬೇರೆ ಊರಲ್ಲಿದ್ದರೂ ನಾನಿರುವ ಜಿಲ್ಲೆಯಲ್ಲೇ ಹಾಕಲು ಕಾಯ್ದೆ ಬಿಡುತ್ತದೆ. "ಶಿಕ್ಷಣ ಸಂಸ್ಥೆ ಗ್ರಾಹಕ ಕಾಯ್ದೆಗೆ ಬರಲ್ಲ" ಅಂತ ಅವರ ವಕೀಲರು ಎತ್ತಿದರು. ಕೋಚಿಂಗ್ ಸೆಂಟರ್‌ಗಳು ಬರುತ್ತವೆ ಅಂತ ರಾಷ್ಟ್ರೀಯ ಆಯೋಗ 2020ರಲ್ಲೇ ಹೇಳಿದೆ, ಅದನ್ನು ತೋರಿಸಿದೆ.

ನನ್ನನ್ನು ಉಳಿಸಿದ್ದು ಕಾಗದದ ಕರಪತ್ರ. ನಾನು ಕೇಳಿದ ವಾರದೊಳಗೆ ಅವರ ವೆಬ್‌ಸೈಟಿನಲ್ಲಿ "ನಮ್ಮಲ್ಲಿ ಓದಿ" ಹೋಗಿ "ನಮ್ಮ ಮಾರ್ಗದರ್ಶನದಲ್ಲಿ" ಆಗಿತ್ತು. ಸೇರುವ ದಿನವೇ ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫೋಟೋದಲ್ಲಿರುವ ಒಬ್ಬರನ್ನಾದರೂ ಹುಡುಕಿ, "ನೀವು ತಗೊಂಡ ಕೋರ್ಸು ಯಾವುದು?" ಅಂತ ಕೇಳಿ. ನನ್ನ ಪರ, ಫೋಟೋದಲ್ಲಿದ್ದ ಆ ಅಕ್ಕ ಒಂದು ಅಫಿಡವಿಟ್ ಕೊಟ್ಟ ಮೇಲೆ ಸೆಂಟರಿನವರೇ ರಾಜಿಗೆ ಬಂದರು. ಕಲಿತ ತಿಂಗಳುಗಳ ಫೀಸು ಕಳೆದು ಉಳಿದದ್ದು ಸಿಕ್ಕಿತು.

ಈ ವರ್ಷದ ಕರಪತ್ರವನ್ನೂ ತರಿಸಿ ನೋಡಿದೆ. ಆ ಅಕ್ಕನ ಫೋಟೋ ಇಲ್ಲ. 112 ಹೋಗಿ "100+" ಬಂದಿದೆ. ಚುಕ್ಕಿ ಗುರುತು ಮಾತ್ರ ಹಾಗೇ ಇದೆ.